ಹಲಗೆಯ ಮೇಲಿನ ಹೊಸ ಮಾತು

ಎಂಬತ್ತರ ದಶಕದ ಕೊನೆಗೆ ನಾನು ನಾಸಿಕದ ಹತ್ತಿರ ಸೈನ್ಯದ ನೆಲೆಯಿರುವ ದೇವಳಾಲಿ ಕ್ಯಾಂಪಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂಡುತ್ತಿದ್ದೆ. ನನ್ನ ಅಕ್ಷರ ದುಂಡಗಿದ್ದುದರಿಂದ ಬಾಗಿಲ ಬಳಿಯ ಕರಿಹಲಗೆಯ ಮೇಲೆ ದಿನದ ಸ್ಪೆಷಲ್ ಬರೆಯುವುದೂ ನನ್ನ ಪಾಲಿಗೇ ಬಂತು. ಗುರುವಾರವೆಂದರೆ ಕಡಲೆಹಿಟ್ಟಿನ ಪಲ್ಯ, ಝುಣಕ. ಅಡಿಗೆ ಅದೇ, ಹೊಗಳಿಕೆ ಮಾತ್ರ ವಾರವಾರವೂ ಹೊಸದಾಗಬೇಕು. ‘ಬಿಸಿಬಿಸಿ’, ‘ಮನೆಯ ರುಚಿ’ ತಿಂಗಳೊಳಗೆ ಸವೆದುಹೋದವು.

ನನಗೆ ಹೆದರಿಕೆಯಿದ್ದದ್ದು ಒಬ್ಬ ನಿವೃತ್ತ ಸುಬೇದಾರರದು. ಹಲಗೆಯನ್ನು ಗಟ್ಟಿಯಾಗಿ ಓದಿ, ಮಾತು ಹಳೆಯದಾದರೆ ಅಲ್ಲಿಂದಲೇ ತಿರುಗಿಬಿಡುವರು. ಅವರ ಹಿಂದೆ ಬಂದ ಸಿಪಾಯಿಗಳೂ ತಿರುಗುವರು.

ಒಂದು ಗುರುವಾರ ಏನೂ ಹೊಳೆಯದೆ ‘ಹೋದ ವಾರಕ್ಕಿಂತ ರುಚಿ’ ಎಂದು ಬರೆದೆ. ಸುಬೇದಾರರು ಓದಿದ್ದು ಒಳಗೂ ಕೇಳಿಸಿತು. ನಮ್ಮ ಹೋಟೆಲಿನ ಬೀದರಿನ ಅಡಿಗೆಯವರು ಸೌಟು ಹಿಡಿದೇ ಹೊರಬಂದರು.

“ಹೋದ ವಾರ ಏನ್ ಕೆಟ್ಟಿತ್ರಿ?”

“ಹೊಗಳೋ ಮಾತು ಮುಗದಾವ್ರಿ” ಎಂದೆ.

“ಹೊಗಳೋದು ಬ್ಯಾಡ್ರಿ. ಮುಂಜಾನೆ ಒಳಗ ಬಂದು ಕೇಳ್ರಿ. ಏನ್ ಹಾಕೀನಿ, ಅದನ್ನೇ ಬರೀರಿ.”

ಅಂದು ಈರುಳ್ಳಿಯ ಹಸಿರು ಸೊಪ್ಪು ಹಾಕಿದ್ದರಂತೆ. ಅಳಿಸಿ, ‘ಇಂದು ಉಳ್ಳಾಗಡ್ಡಿ ತಪ್ಪಲು ಹಾಕಿದ ಝುಣಕ’ ಎಂದು ಬರೆದೆ. ಸುಬೇದಾರರು ಓದಿ, ಒಳಗೆ ಬಂದು ಕೂತರು. ಅಂದಿನಿಂದ ಮಾತಿಗೆ ಬರವಿರಲಿಲ್ಲ.

ಒಂದು ಸೋಮವಾರ ಎಂದಿನಂತೆ ಒಳಗೆ ಹೋಗಿ ಕೇಳಿದೆ. ಅಡಿಗೆಯವರು ನನ್ನ ಮುಖ ನೋಡಲಿಲ್ಲ.

“ಹೊಸಾದ್ ಏನಿಲ್ರಿ. ನಿನ್ನಿ ಉಳಿದ ಕಾಳಪಲ್ಯಾಕ್ಕ ಒಗ್ಗರಣಿ ಕೊಟ್ಟೀನಿ.”

ಹೊರಗೆ ಸುಬೇದಾರರ ಬೆತ್ತ ಮೆಟ್ಟಿಲಿಗೆ ತಾಗಿದ ಸದ್ದಾಯಿತು. ಹಾಕಿದ್ದನ್ನೇ ಬರೆಯಬೇಕಿದ್ದ ಹಲಗೆ ಇನ್ನೂ ಖಾಲಿಯಿತ್ತು.