ಆಯುಧಪೂಜೆಯ ಊಟದ ಬಿಲ್ಲು

ಬಲ್ಮಠದ ತೆರಿಗೆ ಸಲಹೆಗಾರರ ಕಚೇರಿಯಲ್ಲಿ ನನಗೆ ಕೆಲಸ ಕಲಿಸಿದ, ನನ್ನ ಸಿಟ್ಟನ್ನೂ ಸಹಿಸಿದ ಅಕ್ಕನನ್ನು ಇವತ್ತಿಗೂ ನೆನೆಯುತ್ತೇನೆ.

ಅವತ್ತು ಬೈಕಂಪಾಡಿಯ ಒಂದು ಫ್ಯಾಕ್ಟರಿಯ ಖರೀದಿ ಪುಸ್ತಕವನ್ನು 2ಬಿ ಜೊತೆ, ಅಂದರೆ ಮಾರಿದವರು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಯ ಜೊತೆ, ತಾಳೆ ನೋಡಿದ್ದೆ. ಎಲ್ಲವೂ ಸರಿಯಿತ್ತು. ಎಲ್ಲಕ್ಕೂ ಕ್ರೆಡಿಟ್ ಹಾಕಿ, ಖರೀದಿಗೆ ಕೊಟ್ಟ ತೆರಿಗೆಯನ್ನು ಫ್ಯಾಕ್ಟರಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದೆ.

ಅಕ್ಕ ಒಂದು ಬಿಲ್ಲಿನ ಮೇಲೆ ಬೆರಳಿಟ್ಟರು. ಆಯುಧಪೂಜೆಗೆ ಫ್ಯಾಕ್ಟರಿಯವರು ಹಾಕಿಸಿದ ಊಟದ ಬಿಲ್ಲು ಅದು.

“ಇದನ್ನು ತೆಗೆ.”

“2ಬಿಯಲ್ಲಿ ಉಂಟಲ್ಲ ಅಕ್ಕ!” ನಾನು ರೇಗಿದೆ.

“ಉಂಟು. ಆದರೆ ಇಂಥ ಊಟದ ತೆರಿಗೆಗೆ ಕಾನೂನಿನಲ್ಲಿ ಕ್ರೆಡಿಟ್ ಇಲ್ಲ. ನೀನೂ ಹೋಗಿದ್ದಿಯಲ್ಲ, ಊಟ ಹೇಗಿತ್ತು?”

“ಲಾಯ್ಕಿತ್ತು.”

“ಹೊಟ್ಟೆಗೆ ಸಿಕ್ಕಿತಲ್ಲ ಮಾರಾಯ, ಇನ್ನೆಂತ ಕ್ರೆಡಿಟ್ ಬೇಕು ನಿನಗೆ?”