ಆಕ್ಸಿಜನ್ ಮಂಚದ ಬೀಡಿ

ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ವಾರಕ್ಕೊಮ್ಮೆಯಾದರೂ ಬಂದ್ ಆಗಿ ಬಸ್ಸು ನಿಲ್ಲುತ್ತಿದ್ದ ವರ್ಷಗಳವು. ಜಹೀರಾಬಾದಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೂ ಡಾಕ್ಟರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಬೀಡಿ ವಿಷಯದಲ್ಲಂತೂ ಅವರ ಮಾತು ಸುಳ್ಳಲ್ಲ. ವಾರ್ಡಿನಲ್ಲಿ ಸೇದಬಾರದೆಂಬ ಫಲಕ ತೆಲುಗಿನಲ್ಲಿತ್ತು; ಓದಲು ಬಾರದವರಿಗೆ ನಾನೇ ಫಲಕವಾಗಿದ್ದೆ. ಬಂದ ಗಂಡಸರ ಜೇಬು, ತಲೆದಿಂಬಿನ ಕೆಳಗೆ, ರೊಟ್ಟಿ ಗಂಟಿನೊಳಗೆ ಎಲ್ಲ ಕೈ ಹಾಕಿ ನೋಡುತ್ತಿದ್ದೆ.

ಒಂದು ಮುಂಜಾನೆ ಮನೂರ್ ಕಡೆಯ ಒಬ್ಬ ಗೌಂಡಿಯನ್ನು ಹೆಂಡತಿ ಶೇರ್ ಆಟೋದಲ್ಲಿ ಕರೆತಂದಳು. ಐವತ್ತೈದರ ಆಸುಪಾಸಿನ ಮನುಷ್ಯ. ಗೋಡೆ ಕಟ್ಟಿದ ಕೈ ಗಟ್ಟಿಯಾಗಿತ್ತು, ಎದೆ ಮಾತ್ರ ಹಳೆಯ ತಿದಿಯ ಹಾಗೆ ಸಿಳ್ಳು ಹೊಡೆಯುತ್ತಿತ್ತು. ಬೀಡಿಯಿಂದ ಕೆಟ್ಟ ಪುಪ್ಪುಸ, ಅದರ ಮೇಲೆ ನಿಮೋನಿಯಾ ಎಂದರು ಡಾಕ್ಟರ್. ಆಕ್ಸಿಜನ್ ಸಣ್ಣಗೆ ಬಿಟ್ಟು ಸೂಜಿ ಹಚ್ಚಿದೆವು. ಮೂರು ನಾಲ್ಕು ದಿನ ಅಲುಗದೆ ಇದ್ದರೆ ಉಳಿಯುತ್ತಾನೆ, ನಡುವೆ ಎದ್ದು ಹೋದರೆ ನನಗೆ ಗೊತ್ತಿಲ್ಲ ಎಂದು ಡಾಕ್ಟರ್ ನನಗಷ್ಟೇ ಕೇಳುವಂತೆ ಹೇಳಿದರು. ಮರುದಿನ ಬಂದ್ ಇತ್ತು. ಸಂಗಾರೆಡ್ಡಿಯ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ ದಾರಿಯಲ್ಲಿ ಎಷ್ಟು ಕಡೆ ರಾಸ್ತಾ ರೋಕೋ ಇರುತ್ತದೋ ಯಾರಿಗೆ ಗೊತ್ತು. ಅವನ ಅಂಗಿಯಿಂದ ಎರಡು ಕಟ್ಟು ಬೀಡಿ ತೆಗೆದು ನನ್ನ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಗೆದ್ದೆ ಅಂದುಕೊಂಡೆ.

ಮರುದಿನ ಬೆಳಗಿನ ಹೊತ್ತಿಗೆ ಅವನು ಬೇರೆ ಮನುಷ್ಯನಾಗಿದ್ದ. ಕೂರುತ್ತಾನೆ, ಮಲಗುತ್ತಾನೆ, ಮತ್ತೆ ಕೂರುತ್ತಾನೆ. ಮೂಗಿನ ನಳಿಕೆ ಕಿತ್ತು ಎಸೆಯುತ್ತಾನೆ, ನಾನು ಮತ್ತೆ ಹಚ್ಚುತ್ತೇನೆ. ಪಕ್ಕದ ಮಂಚದವನು ಕೆಮ್ಮಿದರೂ ಜಗಳ. ನನಗೆ ಅದು ಹಟ ಎಂದೇ ಅನಿಸಿತು. ಡಾಕ್ಟರ್ ಹಾಗೆ ತಿಳಿಯಲಿಲ್ಲ. ಬೆರಳಿಗೆ ಯಂತ್ರ ಹಚ್ಚಿ ರಕ್ತದಲ್ಲಿ ಆಕ್ಸಿಜನ್ ಇಳಿದಿಲ್ಲ ಎಂದು ಮೊದಲು ಖಾತ್ರಿ ಮಾಡಿಕೊಂಡರು. ಊರು, ದಿನ ಎಲ್ಲ ಕೇಳಿದರು, ಸರಿಯಾಗಿಯೇ ಹೇಳಿದ. ಕುಡಿಯುತ್ತಾನೇನು ಎಂದು ಹೆಂಡತಿಯನ್ನು ವಿಚಾರಿಸಿದರು. ಭಜನೆಗೆ ಹೋಗುವ ಮನುಷ್ಯ, ಹೆಂಡ ಮುಟ್ಟಿದವನಲ್ಲ ಎಂದಳು. ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲ ಬೀಡಿ ಎಂದು ಕೇಳಿದ್ದಕ್ಕೆ ಅವಳು ಸ್ವಲ್ಪ ನಾಚಿದಳು. ಅವನು ಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ಒಲೆಯ ಕೆಂಡಕ್ಕೆ ಬೀಡಿ ಹಚ್ಚಿ, ತಾನೇ ಒಂದು ದಮ್ಮು ಎಳೆದು, ಅವನ ಬೆರಳಿಗೆ ಕೊಡುವುದು ತನ್ನ ಕೆಲಸ ಎಂದಳು. ಆ ಕಡೆ ಎಷ್ಟೋ ಮನೆಗಳಲ್ಲಿ ಅದು ಚಹಾ ಕೊಟ್ಟ ಹಾಗೆಯೇ.

ಇದು ಹಟವಲ್ಲ, ನಿಕೋಟಿನ್ ನಿಂತದ್ದರ ಸಂಕಟ, ನಾಳೆ ನಾಡಿದ್ದು ಇನ್ನೂ ಜೋರಾಗುತ್ತದೆ ಎಂದು ಡಾಕ್ಟರ್ ನನ್ನನ್ನೇ ಗದರಿದರು. ಬೀಡಿಯ ಬದಲಿಗೆ ಜಗಿಯುವ ನಿಕೋಟಿನ್ ಗಮ್ ಬರೆದುಕೊಟ್ಟರು. ಬಂದ್ ಇದ್ದರೂ ಎದುರಿನ ಮೆಡಿಕಲ್ ಅಂಗಡಿಯವನು ಅರ್ಧ ಶಟರ್ ಎತ್ತಿ ಕೂತಿದ್ದ. ಗಮ್ ತಂದು ಪಟ್ಟಿಯನ್ನೇ ಗೌಂಡಿಯ ಕೈಗಿಟ್ಟೆ. ಜಗಿಯಿರಿ, ಬೀಡಿ ಮರೆಯುತ್ತದೆ ಎಂದಷ್ಟೇ ಹೇಳಿ ಬೇರೆ ಮಂಚಕ್ಕೆ ಹೋದೆ. ಗದರಿಸಿಕೊಂಡ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂರು ಗಮ್ ಮುಗಿದಿದ್ದವು, ಅವನು ಮಾತ್ರ ಹಾಗೇ ಇದ್ದ. ನನ್ನನ್ನು ಕರೆದು ಹೇಳಿದ:

"ನೋಡವ್ವಾ, ನಾ ಮನಿಗಿ ಹೊಂಟೀನಿ. ಎಲ್ಲಿ ಹೆಬ್ಬೆಟ್ಟು ಒತ್ತಬೇಕೋ ತೋರ್ಸು. ಸತ್ರೂ ಅಲ್ಲೇ ಸಾಯ್ತೀನಿ."

ಹೊರಗೆ ಒಂದು ಆಟೋ ಸಹ ಇಲ್ಲ. ನಡೆದೇ ಹೋಗುವವನ ಹಾಗೆ ಕಾಲು ಕೆಳಗೆ ಬಿಟ್ಟಿದ್ದ. ಗೇಟಿನ ತನಕವೂ ತಲುಪುತ್ತಿರಲಿಲ್ಲ. ಡಾಕ್ಟರನ್ನು ಕರೆಯುತ್ತೇನೆ, ಅಲ್ಲಿಯತನಕ ಕೂತಿರಿ ಎಂದು ಬೇಡಿಕೊಂಡು ಫೋನಿನ ಕಡೆ ಓಡಿದೆ.

ಫೋನು ಎತ್ತಿದ್ದೆನೋ ಇಲ್ಲವೋ, ಕಡ್ಡಿ ಗೀರಿದ ಸದ್ದು ಕೇಳಿತು. ತಿರುಗಿ ನೋಡಿದರೆ ಅವನ ಹೆಂಡತಿ ಕಿಟಕಿಯ ಮಗ್ಗುಲಲ್ಲಿ ನಿಂತು, ಬಾಯಲ್ಲಿ ಬೀಡಿ ಹಿಡಿದು ಹಚ್ಚಿದ್ದಾಳೆ. ಗಂಡಸರ ಜೇಬು ಜಾಲಾಡಿದ ನಾನು ಅವಳ ಸೆರಗಿನ ಗಂಟು ನೋಡಿರಲಿಲ್ಲ. ಒಂದು ದಮ್ಮು ಎಳೆದು, ದಿನದ ಹಾಗೇ, ಮಂಚದ ಕಡೆ ನಡೆದಳು. ಅವನ ಮೂಗಿನಲ್ಲಿ ಆಕ್ಸಿಜನ್ ಹರಿಯುತ್ತಿತ್ತು. ದಿಂಬು, ಚಾದರ, ಗಡ್ಡ ಎಲ್ಲದರ ಮೇಲೂ ಅದು ಕೂತಿತ್ತು. ಒಂದು ಕಿಡಿ ಬಿದ್ದರೆ ಸಾಕು, ಎಲ್ಲ ಭುಗ್ಗೆಂದು ಹೊತ್ತಿಕೊಳ್ಳುತ್ತಿತ್ತು.

ಎದುರಿಗಿದ್ದ ಸ್ಟೂಲ್ ಕೆಡವಿ ಹೋಗಿ ಅವಳ ಕೈ ಹಿಡಿದೆಳೆದೆ. ಬೀಡಿ ನೆಲಕ್ಕೆ ಬಿತ್ತು, ಚಪ್ಪಲಿಯಲ್ಲಿ ತುಳಿದೆ. ಸಿಲಿಂಡರ್ ಮುಚ್ಚಿದೆ, ಕಿಟಕಿ ತೆರೆದೆ, ಚಾದರ ಕೊಡವಿ ನೋಡಿದೆ. ಆಮೇಲೆ ಬಾಯಿಗೆ ಬಂದ ಹಾಗೆ ಬೈದೆ. ಅವಳು ಗೋಡೆಗೆ ಒರಗಿ ನಿಂತಳು. ಅದು ಬರೀ ಗಾಳಿ ಎಂದು ತಿಳಿದಿದ್ದಳಂತೆ. ಅವನ ಕೈ ನಡುಗುವುದು ನೋಡಲಾಗಲಿಲ್ಲವಂತೆ. ನಾನು ಆಕ್ಸಿಜನ್ ಮತ್ತೆ ಹಚ್ಚಿದೆ.

ಅಷ್ಟು ಗಮ್ ಏನಾಯಿತು ಎಂದು ಆಗ ಕೇಳಿದೆ. ಅವನು ಮಂಚದ ಕೆಳಗಿನ ತಟ್ಟೆ ತೋರಿಸಿದ. ಸುಣ್ಣ ತಂಬಾಕು ಹಾಕುವವರ ಹಾಗೆ ಗಬಗಬ ಜಗಿದು, ಬಂದ ರಸವನ್ನೆಲ್ಲ ಉಗಿದಿದ್ದ. ನಡುನಡುವೆ ಚಹಾ ಬೇರೆ ಕುಡಿದಿದ್ದ. ಔಷಧವೆಲ್ಲ ತಟ್ಟೆಯ ಪಾಲಾಗಿತ್ತು. ತಪ್ಪು ಅವನದಲ್ಲ. ಜಗಿಯಿರಿ ಎಂದವಳು ನಾನು. ಹೇಗೆ ಎಂದು ಹೇಳದವಳೂ ನಾನೇ. ನಾಚಿಕೆಯಾಯಿತು.

ಬಾಯಿ ತೊಳೆಸಿ ಇನ್ನೊಂದು ಕೊಟ್ಟು ಈ ಸಲ ಎದುರಿಗೇ ಕೂತೆ. ನಿಧಾನ ಜಗಿಯಬೇಕು, ಮೆಣಸಿನಕಾಯಿಯ ಹಾಗೆ ಚುರುಕ್ ಎಂದ ಕೂಡಲೇ ನಿಲ್ಲಿಸಿ ಗಲ್ಲದ ಒಳಗೆ ಒತ್ತಿ ಇಡಬೇಕು, ಚುರುಕು ಹೋದರೆ ಮತ್ತೆ ಎರಡು ಸಲ ಜಗಿಯಬೇಕು, ಉಗಿಯಬಾರದು, ಚಹಾ ಕುಡಿಯಬಾರದು. ಅವನು ಶಾಲೆಯ ಹುಡುಗನ ಹಾಗೆ ಕೇಳಿದ. ಹತ್ತು ನಿಮಿಷ ಏನೂ ಆಗಲಿಲ್ಲ. ನಾನು ಅವನ ಕೆಳಗೆ ಬಿಟ್ಟ ಕಾಲುಗಳನ್ನೇ ನೋಡುತ್ತ ಕೂತೆ. ಅರ್ಧ ಗಂಟೆಯ ಹೊತ್ತಿಗೆ ಬೆರಳುಗಳ ನಡುಕ ಕಡಿಮೆಯಾಯಿತು. ಕಾಲು ಮೇಲೆತ್ತಿಕೊಂಡು ಕಣ್ಣು ಮುಚ್ಚಿದ. ಬಯಕೆ ಪೂರ್ತಿ ಹೋಗಿರಲಿಲ್ಲ, ಹುಬ್ಬು ಗಂಟಿಕ್ಕಿಯೇ ಇತ್ತು.

ಹೆಂಡತಿ ಅಲ್ಲಿಯವರೆಗೆ ನೆಲದ ಮೇಲೆ ಕೂತಿದ್ದಳು. ಬೈದದ್ದಕ್ಕೆ ತಪ್ಪು ತಿಳಿಯಬೇಡ ಎನ್ನಲು ಅವಳ ಬಳಿ ಹೋದೆ. ಅವಳು ಬೇರೆಯದೇ ಕೇಳಿದಳು.

"ಮೂವತ್ತು ವರ್ಷ ದಿನಾ ಮುಂಜಾನೆ ನಾನೇ ಹಚ್ಚಿ ಕೊಟ್ಟೀನವ್ವಾ. ಹಂಗಂದ್ರ ಅವರ ಎದಿ ನಾನೇ ಸುಟ್ಟೀನೇನು?"

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮಂಚದ ಮೇಲೆ ಅವನು ಕಣ್ಣು ಬಿಟ್ಟ. ಗಮ್ಮನ್ನು ಗಲ್ಲಕ್ಕೆ ಸರಿಸಿ, ಉಸಿರು ಕೂಡಿಸಿಕೊಂಡು ನನಗೆ ಹೇಳಿದ:

"ಆಕಿ ಕೊಟ್ಟದ್ದು ದಿನಕ್ಕ ಒಂದು. ಉಳಿದ ಮೂವತ್ತು ಬೀಡಿ ನಾನೇ ಹಚ್ಕೊಂಡೀನಿ. ಡಾಕ್ಟರ್ ಹೇಳಿದಷ್ಟು ದಿನ ಇಲ್ಲೇ ಇರ್ತೀನಿ, ಆಕಿಗಿ ಅಳಬ್ಯಾಡ ಅನ್ನವ್ವಾ."