ಇತರೆ ವಸೂಲಿ, ಸಾವಿರದ ಎಂಟುನೂರಾ ಇಪ್ಪತ್ತು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಅದಕ್ಕೇ ಹೆಂಡತಿ ಪಗಾರದ ಸ್ಲಿಪ್ಪನ್ನು ನನಗಿಂತ ಮೊದಲು ನೋಡುತ್ತಾಳೆ. ಹುಕ್ಕೇರಿಯ ನಮ್ಮ ಬಾಡಿಗೆ ಮನೆಯಲ್ಲಿ ಪ್ರತಿ ತಿಂಗಳ ಮೊದಲ ದಿನ ಆಕೆ ನನ್ನ ಮೊಬೈಲ್ ತೆಗೆದುಕೊಂಡು, ಕಂಪನಿಯ ಮೇಲ್ ತೆಗೆದು, ಕಡಿತದ ಕಾಲಮ್ಮಿನ ಮೇಲೆ ಬೆರಳಿಟ್ಟು ಓದುತ್ತಾ ಹೋಗುತ್ತಾಳೆ. ಆವತ್ತು ಬೆರಳು ಒಂದು ಕಡೆ ನಿಂತುಬಿಟ್ಟಿತು.

"ಇದೇನ್ರಿ? ಇತರೆ ವಸೂಲಿ, ಸಾವಿರದ ಎಂಟುನೂರಾ ಇಪ್ಪತ್ತು?"

ನನಗೂ ಗೊತ್ತಿರಲಿಲ್ಲ. ಹಾಗಂದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ಮತ್ತ ಆಡ್ವಾನ್ಸ್ ತಗೊಂಡ್ರೇನು? ತಮ್ಮಗ ಕೊಟ್ರೇನು?"

ಆಕೆಯ ಅನುಮಾನಕ್ಕೆ ಕಾರಣವಿತ್ತು. ಎರಡೂವರೆ ವರ್ಷದ ಹಿಂದೆ ತಮ್ಮ ಒಂದು ಟೆಂಪೋ ಕೊಳ್ಳುತ್ತೇನೆ ಎಂದಾಗ, ಹೆಂಡತಿಗೆ ಹೇಳದೆ ಕಂಪನಿಯಿಂದ ಮುಂಗಡ ಎತ್ತಿ ಕೊಟ್ಟಿದ್ದೆ. ಟೆಂಪೋ ಆರು ತಿಂಗಳಿಗೆ ಫೈನಾನ್ಸಿನವರ ಪಾಲಾಯಿತು. ಹೆಂಡತಿಗೆ ವಿಷಯ ಗೊತ್ತಾದದ್ದು ಸ್ಲಿಪ್ಪಿನಲ್ಲಿ "ಮುಂಗಡ ವಸೂಲಿ" ಎಂದು ಬಂದಾಗ. ಆಮೇಲೆ ಕೌಜಲಗಿಯ ನಮ್ಮ ಮನೆಯ ಪಡಸಾಲೆಯಲ್ಲೇ ಅಣ್ಣತಮ್ಮಂದಿರು ಆಡಬಾರದ ಮಾತು ಆಡಿಕೊಂಡೆವು. ಅಲ್ಲಿಂದ ಅವನೊಡನೆ ಮಾತಿಲ್ಲ. ಇನ್ನು ಹೇಳದೆ ಒಂದು ರೂಪಾಯಿ ಎತ್ತುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಹೆಂಡತಿಗೆ ಆಣೆ ಮಾಡಿದ್ದೆ. ಈಗ ಅದೇ ವಸೂಲಿ ಎಂಬ ಶಬ್ದ.

"ಮಗಳ ಆಣಿ ಐತಿ, ನಾ ತಗೊಂಡಿಲ್ಲ," ಎಂದೆ.

"ಆತು ಬಿಡ್ರಿ," ಎಂದು ಎದ್ದು ಒಳಗೆ ಹೋದಳು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ "ಆತು ಬಿಡ್ರಿ"ಯನ್ನು ತಡೆದುಕೊಳ್ಳಲಾಗಲಿಲ್ಲ.

ಕಣಗಲಾ ಕಡೆಯ ಹೆದ್ದಾರಿ ಪಕ್ಕ ದನದ ಮೇವಿನ ಕಾರ್ಖಾನೆಯಲ್ಲಿ ನಾನು ಬಾಯ್ಲರ್ ನೋಡಿಕೊಳ್ಳುವವ. ನಮ್ಮ ಪಗಾರ ಮಾಡುವವರು ಪುಣೆಯ ಹೆಡ್ ಆಫೀಸಿನಲ್ಲಿದ್ದಾರೆ. ಅವರ ಮುಖ ಯಾರೂ ನೋಡಿಲ್ಲ, ಒಂದು ಮೇಲ್ ವಿಳಾಸವಷ್ಟೇ. ಊಟದ ಬಿಡುವಿನಲ್ಲಿ ಕುಳಿತು ಬರೆಯಲು ಶುರು ಮಾಡಿದೆ. "ಇದೇನು ಹಗಲು ದರೋಡೆಯಾ?" ಎಂಬುದು ಮೊದಲ ಸಾಲು. ಅಳಿಸಿದೆ. "ನಿಮ್ಮ ಮನೆಯ ರೊಕ್ಕ ಹೀಗೆ ಹೋದರೆ ಸುಮ್ಮನಿರುತ್ತೀರಾ?" ಅದನ್ನೂ ಅಳಿಸಿದೆ. ಎದ್ದು ಬಾಯ್ಲರಿನ ಮೀಟರ್ ನೋಡಿ ಬಂದೆ, ಅದು ನೆಟ್ಟಗೇ ಇತ್ತು. ಸಿಟ್ಟಿನಲ್ಲಿ ಬರೆದರೆ ಅವರು ಸಿಟ್ಟಿಗೆ ಉತ್ತರ ಕೊಡುತ್ತಾರೆ, ನನಗೆ ಬೇಕಾದದ್ದು ಹೆಂಡತಿಗೆ ತೋರಿಸಲು ಒಂದು ಕಾಗದ. ಅಷ್ಟು ತಿಳಿಯುವುದಕ್ಕೆ ನನಗೆ ಎರಡು ದಿನ ಹಿಡಿಯಿತು.

ಕೊನೆಗೆ ಕಳಿಸಿದ್ದು ಚಿಕ್ಕದು. ನನ್ನ ನೌಕರ ಸಂಖ್ಯೆ, ತಿಂಗಳು, ಕಡಿತದ ಹೆಸರು, ಮೊತ್ತ. ಈ ಕಡಿತ ಯಾತರದು ಎಂದು ನನಗೆ ತಿಳಿದಿಲ್ಲ; ಇದಕ್ಕೆ ನಾನು ಒಪ್ಪಿಗೆ ಬರೆದುಕೊಟ್ಟ ನೆನಪಿಲ್ಲ; ದಯವಿಟ್ಟು ತಾರೀಖುವಾರು ವಿವರ ಮತ್ತು ಅದರ ಆಧಾರ ಕಳಿಸಿ; ತಪ್ಪಾಗಿದ್ದರೆ ಮುಂದಿನ ಪಗಾರದಲ್ಲಿ ಸರಿಪಡಿಸಿ. ಸ್ಲಿಪ್ಪನ್ನು ಜೋಡಿಸಿ, ನಮ್ಮ ಕಾರ್ಖಾನೆಯ ಎಚ್.ಆರ್.ಗೂ ಒಂದು ಪ್ರತಿ ಹಾಕಿದೆ. ಇನ್ನೂ ಒಂದು ಸಾಲು ಸೇರಿಸಿದೆ: "ನಾನು ಯಾವುದೇ ಮುಂಗಡ ಪಡೆದಿದ್ದರೆ ಅಥವಾ ಪಡೆಯದಿದ್ದರೆ, ಅದನ್ನೂ ಸ್ಪಷ್ಟವಾಗಿ ತಿಳಿಸಿ."

ಕೂಡಲೇ ಬಂದದ್ದು ದೂರಿನ ಸಂಖ್ಯೆ ಮಾತ್ರ. ಆಮೇಲೆ ನಾಲ್ಕು ದಿನ ಸುದ್ದಿಯಿಲ್ಲ. ನಾನು ಗಳಿಗೆಗೊಮ್ಮೆ ಮೊಬೈಲ್ ತೆಗೆಯುವುದು, ಜೇಬಿಗೆ ಹಾಕುವುದು, ಮತ್ತೆ ತೆಗೆಯುವುದು. ಮನೆಯಲ್ಲಿ ಹೆಂಡತಿ ಊಟ ಬಡಿಸುತ್ತಿದ್ದಳು, ಬೆಳಿಗ್ಗೆ ಡಬ್ಬಿ ಕಟ್ಟುತ್ತಿದ್ದಳು, ಬೇಕಾದಷ್ಟೇ ಮಾತು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂಡಲಾಗುತ್ತಿರಲಿಲ್ಲ.

ಐದನೆಯ ದಿನ ಉತ್ತರ ಬಂತು. ನನ್ನ ಹೆಸರಿನಲ್ಲಿ ಮುಂಗಡ ಯಾವುದೂ ಇಲ್ಲ. ಕಾರ್ಖಾನೆಯ ಆಡಳಿತ ವಿಭಾಗ ಕಳಿಸಿದ ಕ್ಯಾಂಟೀನ್ ಪಟ್ಟಿಯ ಪ್ರಕಾರ, ನನ್ನ ಸಂಖ್ಯೆಗೆ ಇಪ್ಪತ್ತಾರು ಅತಿಥಿ ಊಟ, ಒಂದಕ್ಕೆ ಎಪ್ಪತ್ತು ರೂಪಾಯಿ. ಪಟ್ಟಿ ಲಗತ್ತಿಸಿದೆ. ತಕರಾರಿದ್ದರೆ ಇಪ್ಪತ್ತನೇ ತಾರೀಖಿನೊಳಗೆ ತಿಳಿಸಿ.

ಅತಿಥಿಯಂತೆ! ನಾನು ಡಬ್ಬಿ ಒಯ್ಯುವವ, ಕ್ಯಾಂಟೀನಿನ ಮೆಟ್ಟಿಲು ಹತ್ತಿದವನೇ ಅಲ್ಲ. ಪಟ್ಟಿ ತೆರೆದ ಮೊಬೈಲನ್ನು ಕೈಯಲ್ಲಿ ಹಿಡಿದು ನೇರ ಅಲ್ಲಿಗೆ ನುಗ್ಗಿದೆ. ಕ್ಯಾಂಟೀನ್ ನಡೆಸುವವರು ಗೋಕಾಕದ ಕಡೆಯವರು, ವಯಸ್ಸಾದವರು.

"ಕಾಕಾ, ಯಾರ್ರಿ ಇವ ನನ್ನ ಅತಿಥಿ?"

"ಯಾರಂದ್ರ? ನಿಮ್ಮ ತಮ್ಮಾರ್ರಿ," ಎಂದರು ಅವರು, ಸೌಟು ಕೆಳಗಿಡದೆ. "ಮೆಕ್ಕೆಜೋಳದ ಲಾರಿ ಹೊಡಕೊಂಡ ಬರ್ತಾರಲ್ಲ, ಹೊಸಾ ಗುತ್ತಿಗಿದು. ಎರಡೂವರಿಗೆ ಉಣ್ಣಾಕ ಬರ್ತಾರ. ಅಣ್ಣನ ನಂಬರಿಗೆ ಬರ್ಕೋರಿ ಅಂದ್ರು."

"ಸಹಿ ಬ್ಯಾಡೇನ್ರಿ ನಂದು?"

ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. "ಒಂದ ಮನಿಯವ್ರು. ತಮ್ಮ ಉಣ್ಣಾಕ ಕುಂತಾಗ ಅಣ್ಣನ ಸಹಿ ತಗೊಂಡ ಬಾ ಅನ್ನಲೇನ್ರಿ ನಾ? ಅಪಮಾನ ಆಗೂದಿಲ್ಲ ಅವ್ರಿಗೆ?"

ನಾವು ಮಾತು ಬಿಟ್ಟದ್ದು ಅವರಿಗೆ ತಿಳಿದಿರಲಿಲ್ಲ. ಎರಡು ವರ್ಷ ನನ್ನ ಮುಖ ನೋಡದವನು, ನೂರು ಹೆಜ್ಜೆ ದೂರದಲ್ಲಿ ನನ್ನ ಹೆಸರಿನಲ್ಲಿ ದಿನಾ ಊಟ ಮಾಡುತ್ತಿದ್ದ. ಎಂಥ ಧೈರ್ಯ ಇವನದು ಎಂದು ಮೈ ಉರಿಯಿತು. ಸಹಿಯಿಲ್ಲದ ಊಟ, ಒಂದು ಸಾಲು ಬರೆದರೆ ನನ್ನ ರೊಕ್ಕ ವಾಪಸು, ಕಂಪನಿಯವರು ಲಾರಿ ಗುತ್ತಿಗೆದಾರನಿಂದ ವಸೂಲು ಮಾಡುತ್ತಾರೆ, ಅವನು ತಮ್ಮನ ಕಾಲರ್ ಹಿಡಿಯುತ್ತಾನೆ. ಹಿಡಿಯಲಿ! ಬಸ್ಸಿನಲ್ಲೇ ಆ ಮೇಲ್ ಬರೆದಿಟ್ಟುಕೊಂಡೆ.

ಸಂಜೆ ಮನೆಗೆ ಬಂದು ಮೊಬೈಲನ್ನು ಹೆಂಡತಿಯ ಮುಂದೆ ಇಟ್ಟೆ. "ಓದು. ಆಡ್ವಾನ್ಸ್ ಇಲ್ಲಂತ ಬರದಾರ," ಎಂದೆ, ಗೆದ್ದವನ ಗತ್ತಿನಲ್ಲಿ. ಆಮೇಲೆ ಕಾಕಾ ಹೇಳಿದ್ದನ್ನೆಲ್ಲಾ ಹೇಳಿದೆ, ಇಪ್ಪತ್ತರೊಳಗೆ ತಕರಾರು ಹಾಕುವುದನ್ನೂ.

ಆಕೆ ಉತ್ತರವನ್ನು ಒಮ್ಮೆ ಓದಿದಳು. "ನಾ ಸುಮ್ನ ನಿಮ್ಮ ಮ್ಯಾಲ ಸಂಶೆ ಮಾಡ್ದೆ," ಎಂದಳು. ನಾನು ಇಷ್ಟು ದಿನ ಚಡಪಡಿಸಿದ್ದು ಆ ಮಾತಿಗಾಗಿ. ತಕರಾರು ಕಳಿಸಿಬಿಡೋಣ ಎಂದು ಮೊಬೈಲಿಗೆ ಕೈ ಚಾಚಿದೆ.

ಆಕೆ ಮೊಬೈಲ್ ಕೊಡಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟು ತಾರೀಖು ತಾರೀಖು ಇಳಿಯುತ್ತಾ ಹೋದಳು.

"ದಿನಾ ಒಂದ ಊಟ ಬರಸ್ಯಾನ್ರಿ. ಅವನ ಹೆಂಡ್ತಿ ಮೂಡಲಗಿಗೆ ತವರಮನಿಗೆ ಹೋಗಿ ಎರಡ ತಿಂಗಳಾತಂತ, ನಿಮ್ಮವ್ವ ಫೋನಿನ್ಯಾಗ ಅಂದ್ರು. ಸಂಜಿಗೆ ಏನ್ ತಿಂತಾನ ಇವ?"

"ನನಗೇನ್ ಗೊತ್ತು!" ಎಂದು ರೇಗಿದೆ.

"ಕದಿಯಾಂವ ಇದ್ರ ಎರಡೂ ಹೊತ್ತಿಂದು ಬರಸ್ತಿದ್ದ," ಎಂದಳು ಮೆಲ್ಲಗೆ. "ಕೇಳಾಕ ಬಾಯಿ ಬಂದಿಲ್ಲ ಅವಗ. ಹಸದಾಗ ನಿಮ್ಮ ನಂಬರ್ ಒಂದ ನೆನಪಾಗೇತಿ."

ಹಾಳಾದವನು! ನನ್ನ ಸಂಖ್ಯೆ ಆರು ಅಂಕಿಯದು. ನನಗೇ ಕಾರ್ಡ್ ನೋಡದೆ ಹೇಳಲು ಬರುವುದಿಲ್ಲ. ಟೆಂಪೋದ ಮುಂಗಡದ ಅರ್ಜಿಯಲ್ಲಿ ನೋಡಿ ನೆನಪಿಟ್ಟಿರಬೇಕು. ನಾನು ಮುಖ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಹೊರಗೆ ಬಂದಾಗ ಬರೆದಿಟ್ಟ ಮೇಲನ್ನು ಆಕೆ ಅಳಿಸಿಬಿಟ್ಟಿದ್ದಳು. ಹೊಸದನ್ನು ಆಕೆ ಹೇಳಿದಳು, ನಾನು ಬರೆದೆ: ವಿವರ ಕಳಿಸಿದ್ದಕ್ಕೆ ಧನ್ಯವಾದ. ಪಟ್ಟಿಯಲ್ಲಿರುವ ಊಟ ನನ್ನ ತಮ್ಮನದು, ಕಡಿತಕ್ಕೆ ನನ್ನ ಒಪ್ಪಿಗೆಯಿದೆ, ಮುಂದೆಯೂ ನನ್ನ ಸಂಖ್ಯೆಗೇ ಹಾಕಿ. ಕಳಿಸುವ ಮುಂಚೆ ನಾನು ಮತ್ತೆ ಕೇಳಿದೆ, ಖರೆ ಹಾಕಲೇನು ಎಂದು.

"ಹಾಕ್ರಿ. ನಾಳೆ ಡಬ್ಬಿ ಕಟ್ಟೂದಿಲ್ಲ ನಾ," ಎಂದಳು. "ಎರಡೂವರಿಗೆ ಹೋಗಿ ಅವನ ಬಾಜೂಕ ಕುಂತ ಉಣ್ರಿ. ಬರುವಾಗ ಕರಕೊಂಡ ಬರ್ರಿ, ಸಂಜಿಗೆ ಇಲ್ಲೇ ಉಣ್ಣಲಿ."